ಕರಿ ಮಣ್ಣಿನ ಮೇಲೆ ನಿಂತ ನಾಯಿಯನ್ನು ಶಹಾಬಾದ್ ಕಲ್ಲಿನ ಮೇಲೆ ನಿಲ್ಲಿಸಿದ್ದು

ಕಲಬುರಗಿಯ ನಮ್ಮ ಸ್ಟುಡಿಯೋಗೆ ಬಂದ ಕೆಲಸ ಇದು. ಒಂದು ಮಗುವಿನ ಫೋಟೋ, ಪಕ್ಕದಲ್ಲಿ ನಾಯಿ ಬೇಕು. ಮಗು ಇರುವುದು ಇಲ್ಲೇ ಸಿಟಿಯಲ್ಲಿ, ನಾಯಿ ಇರುವುದು ಆಳಂದ ತಾಲ್ಲೂಕಿನ ಹೊಲದ ಮನೆಯಲ್ಲಿ, ಅಜ್ಜನ ಹತ್ತಿರ. ಅಜ್ಜನ ಮನೆಯ ಗೋಡೆಗೆ 12×18 ಇಂಚಿನ ಫ್ರೇಮ್ ಹಾಕಿಸಬೇಕು ಅಂತ ಮಗುವಿನ ಅಪ್ಪನ ಆಸೆ. ನಾಯಿಯ ಹೆಸರು ಮೋತಿ. ಬಿಳಿ ಬಣ್ಣ, ಉದ್ದ ಕೂದಲು. ನಮ್ಮ ಕಡೆ ಎಲ್ಲರೂ ಪಾಮೇರಿಯನ್ ಅಂತಾರೆ, ನೋಡಿದರೆ ಇಂಡಿಯನ್ ಸ್ಪಿಟ್ಜ್ ಜಾತಿಯದು.

ಮಗುವಿನ ಫೋಟೋ ಚೆನ್ನಾಗಿತ್ತು. ಬೆಳಗಿನ ಬಿಸಿಲು, ಮನೆ ಮುಂದಿನ ಅಂಗಳ, ಕೆಳಗೆ ಶಹಾಬಾದ್ ಕಲ್ಲಿನ ಫರಸಿ. ಮಗು ಬಿಳಿ ಜುಬ್ಬಾ ಹಾಕಿಕೊಂಡು ಬರಿಗಾಲಲ್ಲಿ ನಿಂತಿದೆ. ಬಿಸಿಲು ನಮ್ಮ ಎಡಗಡೆಯಿಂದ, ಸ್ವಲ್ಪ ಕ್ಯಾಮೆರಾದ ಹಿಂದಿನಿಂದ ಬರುತ್ತಿದೆ. ಹಾಗಾಗಿ ನೆರಳು ಬಲಕ್ಕೆ, ಸ್ವಲ್ಪ ಹಿಂದಕ್ಕೆ ಬಿದ್ದಿದೆ. ಈ ಕಲ್ಲು, ಈ ಜುಬ್ಬಾ, ಈ ನೆರಳು, ಮೂರೂ ಮುಂದೆ ನನಗೆ ಅಳತೆಗೋಲಾದವು.

ನಾಯಿಯ ಫೋಟೋಗಳು ಮಾತ್ರ ಉಪಯೋಗಕ್ಕೆ ಬರುವಂತಿರಲಿಲ್ಲ. ಅಜ್ಜ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ನಾಯಿಯ ಮುಖದ ಎತ್ತರಕ್ಕೆ ಫೋನ್ ಹಿಡಿದು ತೆಗೆದಿದ್ದರು. ಬರೀ ನಾಯಿಯ ಫೋಟೋ ಆಗಿದ್ದರೆ ಅದು ತುಂಬಾ ಚಂದ. ಆದರೆ ಮಗುವಿನ ಫೋಟೋವನ್ನು ಅಪ್ಪ ನಿಂತುಕೊಂಡು ತೆಗೆದಿದ್ದಾರೆ. ಎರಡನ್ನೂ ಸೇರಿಸಿದರೆ ಏನಾಗುತ್ತದೆ ಅಂತ ಪಾದಗಳನ್ನು ನೋಡಿಯೇ ಹೇಳಬಹುದು. ಫೋನ್ ನೆಲದ ಹತ್ತಿರ ಇದ್ದರೆ ನಾಯಿಯ ನಾಲ್ಕೂ ಪಾದ ಹೆಚ್ಚುಕಮ್ಮಿ ಒಂದೇ ಗೆರೆಯಲ್ಲಿ ಕಾಣುತ್ತವೆ. ಫೋನ್ ಮೇಲಿದ್ದರೆ ಆಚೆ ಬದಿಯ ಪಾದಗಳು ಈಚೆ ಬದಿಯವಕ್ಕಿಂತ ಚಿತ್ರದಲ್ಲಿ ಮೇಲಕ್ಕೆ ಬರುತ್ತವೆ, ಬೆನ್ನಿನ ಮೇಲ್ಭಾಗವೂ ಕಾಣುತ್ತದೆ. ಮೇಲಿನಿಂದ ನೋಡಿದ ಫರಸಿಯ ಮೇಲೆ ಒಂದೇ ಗೆರೆಯ ಪಾದಗಳನ್ನು ಇಟ್ಟರೆ ನಾಯಿ ರಟ್ಟಿನಲ್ಲಿ ಕತ್ತರಿಸಿ ನಿಲ್ಲಿಸಿದ ಬೊಂಬೆ ಥರ ಕಾಣುತ್ತದೆ. ಎಷ್ಟು ಬಣ್ಣ ತಿದ್ದಿದರೂ ಇದು ಸರಿಹೋಗಲ್ಲ. ಎಳೆದು ಬಗ್ಗಿಸಿ ಸರಿಮಾಡಲು ಹೋಗುವುದು ಸುಮ್ನೆ ಹೊತ್ತು ಹಾಳು.

ಅದಕ್ಕೆ ಮೊದಲು ಮಗುವಿನ ಫೋಟೋದಲ್ಲಿ ಫೋನ್ ಎಷ್ಟು ಎತ್ತರದಲ್ಲಿತ್ತು ಅಂತ ಹುಡುಕಿದೆ. ಇಲ್ಲಿ ಫರಸಿ ಕೈಹಿಡಿಯಿತು. ಕಲ್ಲುಗಳ ನಡುವಿನ ಸಂದುಗಳು ನೇರ, ಒಂದಕ್ಕೊಂದು ಸಮಾನಾಂತರ. ಹಿಂದಕ್ಕೆ ಹೋಗುವ ಎರಡು ಸಂದಿನ ಗೆರೆಗಳನ್ನು ಫೋಟೋಶಾಪ್‌ನಲ್ಲಿ ಮೇಲಕ್ಕೆ ಎಳೆದುಕೊಂಡು ಹೋದರೆ ಒಂದು ಕಡೆ ಕೂಡುತ್ತವೆ. ಆ ಬಿಂದುವಿನ ಮೂಲಕ ಅಡ್ಡಗೆರೆ ಹಾಕಿದರೆ ಅದೇ ದಿಗಂತದ ಗೆರೆ, ಅಂದರೆ ಕ್ಯಾಮೆರಾದ ಕಣ್ಣಿನ ಮಟ್ಟ. ಅದು ಮಗುವಿನ ತಲೆಗಿಂತ 400 ಪಿಕ್ಸೆಲ್ ಮೇಲೆ ಬಂತು. ಮಗುವಿನ ನೆತ್ತಿಯಿಂದ ಹಿಮ್ಮಡಿಗೆ 1600 ಪಿಕ್ಸೆಲ್. ಮಗುವಿನ ನಿಜವಾದ ಎತ್ತರ 40 ಇಂಚು. ಅಲ್ಲಿಗೆ ಇಂಚಿಗೆ 40 ಪಿಕ್ಸೆಲ್ ಆಯಿತು. ದಿಗಂತದಿಂದ ಹಿಮ್ಮಡಿಗೆ ಒಟ್ಟು 2000 ಪಿಕ್ಸೆಲ್, ಅಂದರೆ ಫೋನ್ ನೆಲದಿಂದ ಸುಮಾರು 50 ಇಂಚು ಮೇಲಿತ್ತು. ದೊಡ್ಡವರು ಎದೆಯ ಮಟ್ಟಕ್ಕೆ ಫೋನ್ ಹಿಡಿದರೆ ಅಷ್ಟೇ ಬರುತ್ತದೆ. ಫೋನನ್ನು ಕೆಳಗೆ ಬಾಗಿಸಿ ಹಿಡಿದಿದ್ದರಿಂದ ಈ ಲೆಕ್ಕ ಕರಾರುವಾಕ್ಕಲ್ಲ, ಆದರೆ ನಮ್ಮ ಕೆಲಸಕ್ಕೆ ಸಾಕು.

ಆಮೇಲೆ ಅಜ್ಜನಿಗೆ ಫೋನ್ ಮಾಡಿಸಿದೆ. ನಿಂತುಕೊಂಡು ಎದೆಯ ಮಟ್ಟಕ್ಕೆ ಫೋನ್ ಹಿಡಿಯಿರಿ, ನಾಯಿಗೆ ಆರು ಅಡಿ ದೂರ ಇರಿ, ಝೂಮ್ ಬೇಡ, ಪೋರ್ಟ್ರೇಟ್ ಮೋಡ್ ಬೇಡ ಅಂದೆ. ಬೆಳಿಗ್ಗೆ ಒಂಬತ್ತರ ಬಿಸಿಲು, ಬಿಸಿಲು ನಿಮ್ಮ ಎಡ ಹೆಗಲ ಹಿಂದೆ ಇರಬೇಕು ಅಂತಲೂ ಹೇಳಿದೆ. ಪೋರ್ಟ್ರೇಟ್ ಮೋಡ್ ಬೇಡ ಅಂದಿದ್ದಕ್ಕೆ ಕಾರಣ ಇದೆ. ಅದರಲ್ಲಿ ಹಿನ್ನೆಲೆ ಮಸುಕು ಮಾಡುವಾಗ ಫೋನ್ ತಾನೇ ನಾಯಿಯ ಸುತ್ತ ಗೆರೆ ಎಳೆದು, ಹೊರಗಿನ ಕೂದಲನ್ನೆಲ್ಲ ಹಿನ್ನೆಲೆ ಜೊತೆ ಕಲಸಿಬಿಡುತ್ತದೆ. ಹೋದ ಕೂದಲು ಮತ್ತೆ ಬರಲ್ಲ.

ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ ಅಂತಲೂ ಹೇಳಿದೆ. ಫೋಟೋ ಆಗಿ ಕಳಿಸಿದರೆ ಅಳತೆ ಚಿಕ್ಕದಾಗುತ್ತದೆ, ಮೇಲಿಂದ ಮತ್ತೊಮ್ಮೆ ಜೆಪೆಗ್ ಕಂಪ್ರೆಶನ್ ಆಗುತ್ತದೆ. ಆ ಕಂಪ್ರೆಶನ್ನಿನಲ್ಲಿ ಬೆಳಕಿನ ವಿವರ ಉಳಿದರೂ ಬಣ್ಣದ ವಿವರ ಒರಟಾಗುತ್ತದೆ. ಹಿಂದಿನ ಹಸಿರು ಬಿಳಿ ಕೂದಲಿನೊಳಗೆ ಹರಡಿಕೊಳ್ಳುವುದು ಅಲ್ಲಿಯೇ.

ಹೊಸ ಫೋಟೋ ಬಂತು. ತೊಗರಿ ಹೊಲದ ಬದುವಿನಲ್ಲಿ ಮೋತಿ ಅಡ್ಡಕ್ಕೆ ನಿಂತು ಮುಖ ಸ್ವಲ್ಪ ನಮ್ಮ ಕಡೆ ತಿರುಗಿಸಿದೆ. ಹಿಂದೆ ಹಸಿರು ತೊಗರಿ, ಕಾಲಡಿ ಕರಿ ಮಣ್ಣು. ಆಚೆ ಬದಿಯ ಪಾದಗಳು ಈಚೆಯವಕ್ಕಿಂತ ಸುಮಾರು 100 ಪಿಕ್ಸೆಲ್ ಮೇಲಿವೆ. ಇದೇ ನನಗೆ ಬೇಕಾಗಿದ್ದು. ಪಾದದ ಬೆರಳುಗಳು ಮಾತ್ರ ಮಣ್ಣಿನ ಹೆಂಟೆಗಳಲ್ಲಿ ಮುಚ್ಚಿಹೋಗಿದ್ದವು. ಅದಕ್ಕೆ ಮನೆ ಕಟ್ಟೆಯ ಬಂಡೆ ಮೇಲೆ ನಾಯಿಯನ್ನು ನಿಲ್ಲಿಸಿ, ಅದೇ ಎತ್ತರದಿಂದ ಪಾದಗಳದ್ದೇ ಇನ್ನೊಂದು ಫೋಟೋ ತರಿಸಿಕೊಂಡೆ.

ಈಗ ಜಾಗ ಮತ್ತು ಅಳತೆ. ಮನೆಯವರು ಮೊದಲು ಮಗುವಿನ ಬಲಗಡೆ, ಅಂದರೆ ನೆರಳು ಬೀಳುವ ಕಡೆ ನಾಯಿ ಇರಲಿ ಅಂದರು. ಅಲ್ಲಿ ಇಟ್ಟರೆ ಮಗುವಿನ ನೆರಳು ನಾಯಿಯ ಮೈ ಮೇಲೆ ಏರಬೇಕು. ಬಿಸಿಲಲ್ಲಿ ನಿಂತ ನಾಯಿಯ ಅರ್ಧ ಮೈಯನ್ನು ನೆರಳಿಗೆ ತರಬೇಕು, ಕೂದಲ ಉಬ್ಬು ತಗ್ಗಿನ ಮೇಲೆ ನೆರಳಿನ ಅಂಚು ಬಾಗಿಸಬೇಕು. ಮಾಡಬಹುದು, ಆದರೆ ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಎಡಗಡೆ, ಮಗುವಿಗಿಂತ ಒಂಚೂರು ಹಿಂದೆ ಇಟ್ಟರೆ ನಾಯಿಯ ನೆರಳು ಮಗುವಿನ ಹಿಮ್ಮಡಿಯ ಹಿಂದೆ ಹಾದುಹೋಗುತ್ತದೆ. ಯಾರ ನೆರಳೂ ಯಾರ ಮೈ ಮೇಲೂ ಬೀಳಲ್ಲ. ಅದನ್ನೇ ಆರಿಸಿದೆ.

ಹಿಂದೆ ಇಟ್ಟ ಮೇಲೆ ನಾಯಿ ಅಷ್ಟು ಚಿಕ್ಕದಾಗಬೇಕು. ಒಂದೇ ಸಮತಟ್ಟು ನೆಲದ ಮೇಲೆ ಇದರ ಲೆಕ್ಕ ಸುಲಭ. ಪಾದ ದಿಗಂತದಿಂದ ಎಷ್ಟು ಕೆಳಗಿದೆಯೋ ಅದನ್ನು ಫೋನಿನ ಎತ್ತರದಿಂದ ಭಾಗಿಸಿದರೆ, ಆ ಜಾಗದಲ್ಲಿ ಇಂಚಿಗೆ ಎಷ್ಟು ಪಿಕ್ಸೆಲ್ ಅಂತ ಸಿಗುತ್ತದೆ. ಮೋತಿಯ ಈಚೆ ಪಾದಗಳನ್ನು ದಿಗಂತದಿಂದ 1900 ಪಿಕ್ಸೆಲ್ ಕೆಳಗೆ ಇಟ್ಟೆ. 1900 ಭಾಗ 50, ಇಂಚಿಗೆ 38. ಅಜ್ಜ ಟೇಪ್ ಹಿಡಿದು ಅಳೆದಾಗ ನೆಲದಿಂದ ಹೆಗಲಿಗೆ 14 ಇಂಚು ಬಂದಿತ್ತು. 14 ಗುಣಿಸು 38, ಅಂದರೆ 532 ಪಿಕ್ಸೆಲ್. ಅಳೆಯುವಾಗ ಟೇಪನ್ನು ಕೂದಲಿನೊಳಗೆ ಒತ್ತಿ ಹಿಡಿದಿದ್ದರು. ಹಾಗಾಗಿ ಫೋಟೋದಲ್ಲೂ ಹೆಗಲ ಮೂಳೆ ಇರುವ ಜಾಗಕ್ಕೆ ಅಳೆಯಬೇಕು, ಮೇಲೆ ಎದ್ದ ಕೂದಲ ತುದಿಗಲ್ಲ. ಉದ್ದ ಕೂದಲಿನ ನಾಯಿಯಲ್ಲಿ ಈ ವ್ಯತ್ಯಾಸವೇ ಒಂದೂವರೆ ಇಂಚು ಬರುತ್ತದೆ.

ಮಗುವಿನ ತಾಯಿ ಸ್ಕ್ರೀನ್ ನೋಡಿ, "ನಾಯಿ ಭಾಳ ಸಣ್ಣದು ಕಾಣ್ಲತದ್ರಿ ಸರ" ಅಂದರು.

"ಅಕ್ಕಾರ, ಇಬ್ಬರೂ ಬಾಜೂಕ ನಿಂತಾಗ ಮೋತಿ ಬೆನ್ನ ಇವಗ ಎಲ್ಲಿತನಕ ಬರ್ತದರಿ?" ಅಂತ ಕೇಳಿದೆ.

"ಮಳಕಾಲಿಗಿಂತ ಸ್ವಲ್ಪ ಮ್ಯಾಲ."

ಸ್ಕ್ರೀನಲ್ಲೂ ಅಷ್ಟಕ್ಕೇ ಬಂದಿತ್ತು. ಚಿಕ್ಕದಾಗಿ ಕಂಡಿದ್ದಕ್ಕೆ ಕಾರಣ ಅಳತೆ ಅಲ್ಲ, ಆಗ ನೆರಳೇ ಹಾಕಿರಲಿಲ್ಲ. ನೆಲಕ್ಕೆ ಅಂಟದ ವಸ್ತು ಎಷ್ಟು ದೂರದಲ್ಲಿದೆ ಅಂತ ಕಣ್ಣಿಗೆ ತಿಳಿಯಲ್ಲ. ದೂರ ತಿಳಿಯದಿದ್ದರೆ ಗಾತ್ರವೂ ತಿಳಿಯಲ್ಲ. ಅದಕ್ಕೇ ನಾನು ಕೂದಲಿನ ಕೆಲಸಕ್ಕಿಂತ ಮೊದಲು ಪಾದದ ಕೆಲಸ ಮುಗಿಸುತ್ತೇನೆ. ಎಷ್ಟೋ ಜನ ದಿನವಿಡೀ ಕೂದಲು ಕತ್ತರಿಸಿ, ಕೊನೆಗೆ ಕಾಲಡಿ ಒಂದು ಕಪ್ಪು ಮಸುಕು ಉಜ್ಜಿ ಮುಗಿಸುತ್ತಾರೆ. ನನ್ನ ಪ್ರಕಾರ ಅದು ಉಲ್ಟಾ.

ನೆಲ ಮುಟ್ಟಿದ ಜಾಗ ಹೇಗಿರಬೇಕು ಅನ್ನುವುದನ್ನು ಊಹಿಸಬೇಕಿಲ್ಲ, ಮಗುವಿನ ಹಿಮ್ಮಡಿಯನ್ನು 300 ಪರ್ಸೆಂಟ್ ದೊಡ್ಡದು ಮಾಡಿ ನೋಡಿದರೆ ಸಾಕು. ಅಲ್ಲಿ ಮೂರು ಥರದ ಕಪ್ಪು ಇತ್ತು. ಚರ್ಮ ಕಲ್ಲಿಗೆ ಒತ್ತಿದ ಕಡೆ ಮೂರು ನಾಲ್ಕು ಪಿಕ್ಸೆಲ್ ದಪ್ಪದ ಗಟ್ಟಿ ಗೆರೆ, ಹೆಚ್ಚುಕಮ್ಮಿ ಪೂರ್ತಿ ಕಪ್ಪು. ಅದರ ಸುತ್ತ ಮುಕ್ಕಾಲು ಇಂಚಿನಷ್ಟು ಮೆತ್ತಗಿನ ಕಪ್ಪು. ಅಲ್ಲಿಂದ ಹೊರಟ ಉದ್ದದ ನೆರಳು. ಮೂರನ್ನೂ ಬೇರೆ ಬೇರೆ ಲೇಯರ್‌ನಲ್ಲಿ ಹಾಕಿದೆ.

ಮೊದಲು ಉದ್ದದ ನೆರಳು. ಇದರ ಬಣ್ಣ ಕಪ್ಪಲ್ಲ. ನೆರಳಿಗೆ ಸೂರ್ಯನ ಬೆಳಕು ಬೀಳದಿದ್ದರೂ ಆಕಾಶದ ಬೆಳಕು ಬೀಳುತ್ತದೆ, ಅದರಲ್ಲಿ ನೀಲಿ ಜಾಸ್ತಿ. ಕೆಂಪು, ಹಸಿರು, ನೀಲಿಯ 0ಯಿಂದ 255ರ ಲೆಕ್ಕದಲ್ಲಿ ಬಿಸಿಲಿನ ಕಲ್ಲು 178, 176, 170 ಇತ್ತು. ಮಗುವಿನ ನೆರಳಿನೊಳಗಿನ ಅದೇ ಕಲ್ಲು 84, 88, 96. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ 255ರಿಂದ ಗುಣಿಸಿದರೆ 120, 128, 144 ಬರುತ್ತದೆ. ಕೆಳಗಿನ ಬಣ್ಣವನ್ನು ಗಾಢ ಮಾಡುವ Multiply ಮೋಡ್‌ನ ಲೇಯರ್‌ನಲ್ಲಿ ಇದೇ ಬಣ್ಣ ತುಂಬಿದರೆ ನಾಯಿಯ ನೆರಳು ಮಗುವಿನ ನೆರಳಿನಷ್ಟೇ ಗಾಢ, ಅದೇ ನೀಲಿ. ಕಲ್ಲಿನ ಸಂದು, ಒರಟು, ಕಲೆ ಎಲ್ಲ ಹಾಗೇ ಉಳಿಯುತ್ತವೆ.

ನೆರಳಿನ ಆಕಾರಕ್ಕೆ ನಾಯಿಯನ್ನೇ ಕಾಪಿ ಮಾಡಿ ಕಪ್ಪು ಬಳಿದು ಮಲಗಿಸುವವರಿದ್ದಾರೆ. ಬೆಳಕು ಕ್ಯಾಮೆರಾದ ನೇರ ಹಿಂದಿನಿಂದ ಅಥವಾ ನೇರ ಎದುರಿನಿಂದ ಬಂದರೆ ಮಾತ್ರ ಅದು ಹೊಂದುತ್ತದೆ. ಇಲ್ಲಿ ಬಿಸಿಲು ಬಂದಿದ್ದು ಎಡಗಡೆಯಿಂದ. ಸೂರ್ಯನ ಕಡೆಯಿಂದ ನೋಡಿದರೆ ಮೋತಿಯ ಮೈ ಇಷ್ಟು ಉದ್ದ ಕಾಣಲ್ಲ, ಗಿಡ್ಡ ಕಾಣುತ್ತದೆ. ಅದಕ್ಕೆ ಕೈಯಿಂದಲೇ ಬಿಡಿಸಿದೆ. ನಾಲ್ಕು ಪಾದದಿಂದ ನಾಲ್ಕು ಪಟ್ಟಿ ಹೊರಡುತ್ತವೆ, ಎಲ್ಲವೂ ಮಗುವಿನ ನೆರಳಿನ ದಿಕ್ಕಿಗೆ. ಅವು ಹೋಗಿ ಸೇರುವ ಕಡೆ ಮೈಯ ದುಂಡು, ಅದರಾಚೆ ತಲೆ ಮತ್ತು ಕಿವಿ. ಮಗುವಿನ ನೆರಳು ಎತ್ತರದ 1.2 ಪಟ್ಟು ಇತ್ತು, ಹಾಗಾಗಿ ಬೆನ್ನಿನ ನೆರಳು ನೆಲದ ಮೇಲೆ ಸುಮಾರು 17 ಇಂಚು. ಪ್ರತಿ ಪಟ್ಟಿಯೂ ಪಾದದಿಂದಲೇ ಶುರುವಾಗಬೇಕು. ಎರಡು ಪಿಕ್ಸೆಲ್ ಬಿಟ್ಟರೂ ಕಾಲು ಮೇಲೆದ್ದಂತೆ ಕಾಣುತ್ತದೆ.

ಅಂಚು ಎಷ್ಟು ಮೆತ್ತಗಿರಬೇಕು? ಸೂರ್ಯ ಒಂದು ಚುಕ್ಕಿ ಅಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ ಇದೆ. ಹಾಗಾಗಿ ನೆರಳಿನ ಅಂಚು, ನೆರಳು ಮಾಡುವ ವಸ್ತುವಿನಿಂದ ನೆಲಕ್ಕಿರುವ ದೂರದ ಸುಮಾರು ನೂರರಲ್ಲಿ ಒಂದು ಪಾಲಿನಷ್ಟು ಮಸುಕಾಗುತ್ತದೆ. ಪಾದದ ಹತ್ತಿರ ದೂರವೇ ಇಲ್ಲ, ಅಂಚು ಚೂಪು. ತಲೆಯಿಂದ ಅದರ ನೆರಳಿಗೆ ಬಿಸಿಲಿನ ಓರೆಯಲ್ಲಿ ಅಳೆದರೆ 28 ಇಂಚಿನ ಹತ್ತಿರ, ಅಂದರೆ ಮಸುಕು ಕಾಲಿಂಚು, ಸುಮಾರು 10 ಪಿಕ್ಸೆಲ್. ಇಡೀ ನೆರಳಿಗೆ ಒಂದೇ Gaussian Blur ಹೊಡೆದರೆ ಈ ಬದಲಾವಣೆ ಸಿಗಲ್ಲ. ನಾನು ಎರಡು ಕಾಪಿ ಮಾಡಿ, ಒಂದನ್ನು ಚೂಪಾಗಿ, ಒಂದನ್ನು ಮಸುಕಾಗಿ ಇಟ್ಟು, ಯಾವ ಭಾಗ ಎಷ್ಟು ಕಾಣಬೇಕು ಅಂತ ತೀರ್ಮಾನಿಸುವ ಮಾಸ್ಕ್‌ನಲ್ಲಿ ಗ್ರೇಡಿಯೆಂಟ್ ಎಳೆದು ಒಂದರಿಂದ ಇನ್ನೊಂದಕ್ಕೆ ದಾಟಿಸಿದೆ.

ಮೋತಿಯ ಮೂತಿಯ ನೆರಳು ಮಗುವಿನ ನೆರಳಿನ ಅಂಚಿಗೆ ತಾಗಿತು. ಅಲ್ಲಿ Multiply ಎರಡನೇ ಸಲ ಕಪ್ಪು ಮಾಡುತ್ತದೆ. ನಿಜದಲ್ಲಿ ಹಾಗಾಗಲ್ಲ, ಬಿಸಿಲು ಒಮ್ಮೆ ತಡೆದ ಮೇಲೆ ಮತ್ತೆ ತಡೆಯಲು ಏನೂ ಉಳಿದಿಲ್ಲ ಅಲ್ವಾ? ಎರಡು ನೆರಳು ಕೂಡಿದ ಕಡೆ ಇನ್ನೂ ಕಪ್ಪಾದ ತುಂಡು ಕಂಡರೆ ಅದು ಜೋಡಿಸಿದ ಫೋಟೋ ಅಂತ ಲೆಕ್ಕ. ಆ ತುಂಡನ್ನು ಮಾಸ್ಕ್‌ನಲ್ಲಿ ಅಳಿಸಿದೆ.

ಪಾದಗಳಿಗೆ ಬಂಡೆ ಮೇಲಿನ ಫೋಟೋದಿಂದ ಬೆರಳುಗಳನ್ನು ತಂದು ಕೂಡಿಸಿದೆ. ಬೆರಳುಗಳ ನಡುವೆ ಮತ್ತು ನೆರಳಿನ ಬದಿಯಲ್ಲಿ ಚಿಕ್ಕ ಗಟ್ಟಿ ಬ್ರಷ್‌ನಿಂದ ಒತ್ತುಗೆರೆ ಹಾಕಿದೆ. ಬಿಸಿಲು ಬೀಳುವ ಬದಿಯಲ್ಲಿ ಗೆರೆ ತೆಳು, ಕೆಲವು ಕಡೆ ಇಲ್ಲವೇ ಇಲ್ಲ. ಪಾದದ ಸುತ್ತ ಒಂದೇ ದಪ್ಪದ ಗೆರೆ ಎಳೆದರೆ ಅದು ಚಿತ್ರ ಬರೆದಂತೆ ಕಾಣುತ್ತದೆ. ಉದ್ದ ಕೂದಲಿನ ನಾಯಿಯಲ್ಲಿ ಬೆರಳುಗಳ ಮೇಲಿನ ಕೂದಲು ಕಲ್ಲಿನವರೆಗೆ ಇಳಿದು ಈ ಗೆರೆಯನ್ನು ಅಲ್ಲಲ್ಲಿ ಮುಚ್ಚುತ್ತದೆ. ಹಾಗಾಗಿ ಗೆರೆಯ ಮೇಲೆ ಐದಾರು ಎಳೆ ಕೂದಲನ್ನು ಮಾಸ್ಕ್‌ನಲ್ಲಿ ಮತ್ತೆ ತೆರೆದೆ. ನಾಯಿ ನೆಲಕ್ಕೆ ಅಂಟಿದ್ದು ಆಗಲೇ. ಪ್ರತಿಬಿಂಬ ಹಾಕಲಿಲ್ಲ. ಪಾಲಿಶ್ ಮಾಡದ ಶಹಾಬಾದ್ ಕಲ್ಲಿನಲ್ಲಿ ಮಗುವಿನ ಪಾದದ ಪ್ರತಿಬಿಂಬವೇ ಇರಲಿಲ್ಲ, ನಾಯಿಗೆ ಎಲ್ಲಿಂದ ಬರಬೇಕು?

ಇನ್ನು ಕೂದಲು. ಹಸಿರು ತೊಗರಿಯ ಮುಂದೆ ಬಿಳಿ ನಾಯಿ ಇದ್ದರೆ ನೀಲಿ ಚಾನೆಲ್, ಅಂದರೆ ಫೋಟೋದ ನೀಲಿ ಬೆಳಕಷ್ಟನ್ನೇ ಕಪ್ಪು ಬಿಳುಪಿನಲ್ಲಿ ತೋರಿಸುವ ಪದರ ನೋಡಬೇಕು. ಎಲೆ ನೀಲಿ ಬೆಳಕನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ, ಆ ಚಾನೆಲ್‌ನಲ್ಲಿ ತೊಗರಿ ಕಪ್ಪಗೆ ಕಾಣುತ್ತದೆ. ಬಿಳಿ ಕೂದಲು ಬೆಳ್ಳಗೇ ಇರುತ್ತದೆ. ನೆರಳಿನ ಬದಿಯ ಕೂದಲಿಗೂ ಆಕಾಶದ ನೀಲಿ ಬಿದ್ದಿರುವುದರಿಂದ ಅದೂ ಎದ್ದು ಕಾಣುತ್ತದೆ. Channels ಪ್ಯಾನೆಲ್‌ನಲ್ಲಿ Blue ಕಾಪಿ ಮಾಡಿ, Levels ತೆರೆದು ಕಪ್ಪನ್ನು ಒಳಗೆ ತಂದೆ. ಹಿನ್ನೆಲೆ ಕಪ್ಪಾಗಬೇಕು, ಆದರೆ ಕೂದಲ ತುದಿಯ ಬೂದು ಉಳಿಯಬೇಕು. ಆ ಬೂದೇ ಅರೆಪಾರದರ್ಶಕ ಕೂದಲು. Levels ಜಾಸ್ತಿ ಎಳೆದರೆ ಕೂದಲು ತಂತಿಯ ಹಾಗೆ ಗಟ್ಟಿಯಾಗುತ್ತದೆ. ಉಳಿದ ಕಡೆ Highlights ಗೆ ಇಟ್ಟ Dodge ನಿಂದ ಎಳೆಗಳನ್ನು ತಿಳಿ ಮಾಡಿ, Shadows ಗೆ ಇಟ್ಟ Burn ನಿಂದ ಹಿನ್ನೆಲೆಯನ್ನು ಕಪ್ಪು ಮಾಡಿದೆ. ಕಣ್ಣು, ಮೂಗು, ಕಿವಿಯ ಒಳಗಿನ ಗುಲಾಬಿ ಭಾಗವನ್ನು ಬಿಳಿ ಬ್ರಷ್‌ನಿಂದ ತುಂಬಿದೆ. ಇದನ್ನೇ ಲೇಯರ್ ಮಾಸ್ಕ್ ಮಾಡಿದೆ. Select and Mask ಕೂಡ ಇದೆ, ಆದರೆ ಇಂಥ ಬಿಳಿ-ಹಸಿರು ಜೋಡಿಗೆ ಚಾನೆಲ್ ಕೊಡುವಷ್ಟು ಎಳೆ ಅದು ನನಗೆ ಕೊಟ್ಟಿಲ್ಲ.

ಮಾಸ್ಕ್ ಸರಿ ಇದ್ದರೂ ಫರಸಿಯ ಮೇಲೆ ಇಟ್ಟ ತಕ್ಷಣ ಮೋತಿಯ ಸುತ್ತ ಒಂದು ಕೊಳಕು ಹಸಿರು ಗೆರೆ ಕಂಡಿತು. ಇದು ಕತ್ತರಿಸಿದ್ದರ ತಪ್ಪಲ್ಲ. ಒಂದು ಪಿಕ್ಸೆಲ್ ತೆಗೆದುಕೊಂಡು ನೋಡೋಣ. ಕೂದಲಿನ ಬಣ್ಣ 225, 222, 214. ತೊಗರಿಯ ಬಣ್ಣ 70, 92, 40. ಕೂದಲ ತುದಿಯ ಪಿಕ್ಸೆಲ್‌ನಲ್ಲಿ 60 ಪಾಲು ಕೂದಲು, 40 ಪಾಲು ತೊಗರಿ ಇದ್ದರೆ ಫೋಟೋದಲ್ಲಿ ಅದು 163, 170, 144 ಆಗಿರುತ್ತದೆ. ಮಾಸ್ಕ್ ಅದನ್ನು 60 ಪರ್ಸೆಂಟ್ ಕಾಣಿಸಿ, 40 ಪರ್ಸೆಂಟ್ ಕಲ್ಲು ಸೇರಿಸುತ್ತದೆ. ಬರುವುದು 169, 172, 154. ಕಲ್ಲು 178, ಕೂದಲು 225, ನಡುವಿನದು ಎರಡಕ್ಕಿಂತಲೂ ಕಪ್ಪು. ಎರಡು ತಿಳಿ ಬಣ್ಣಗಳ ನಡುವೆ ಕಪ್ಪು ಗೆರೆ ಬರಲು ಸಾಧ್ಯವೇ ಇಲ್ಲ, ಅದಕ್ಕೇ ಕಣ್ಣು ಅದನ್ನು ತಕ್ಷಣ ಹಿಡಿಯುತ್ತದೆ.

ಮಾಸ್ಕನ್ನು ಒಳಗೆ ತಳ್ಳಿದರೆ ಗೆರೆ ಹೋಗುತ್ತದೆ, ಜೊತೆಗೆ ಕೂದಲೂ ಹೋಗುತ್ತದೆ. ಬದಲಿಗೆ ಕೂದಲಿನ ಆಕಾರವನ್ನು ಮಾಸ್ಕ್‌ಗೆ ಬಿಟ್ಟು, ಬಣ್ಣವನ್ನು ಮಾತ್ರ ಬದಲಿಸಬೇಕು. ನಾಯಿಯ ಮೇಲೆ ಒಂದು ಖಾಲಿ ಲೇಯರ್ ಇಟ್ಟು, ಬಣ್ಣ ನಾಯಿಯ ಆಚೆ ಹೋಗದಂತೆ Create Clipping Mask ಕೊಟ್ಟು, ಅಂಚಿನಿಂದ ಎಂಟು ಹತ್ತು ಪಿಕ್ಸೆಲ್ ಒಳಗಿನ ಕೂದಲ ಬಣ್ಣ ಆರಿಸಿ ಅಂಚಿನ ಮೇಲೆ ಮೆತ್ತಗಿನ ಬ್ರಷ್ ಓಡಿಸಿದೆ. ಆಗ ಅದೇ ಪಿಕ್ಸೆಲ್ 206, 204, 196 ಆಗುತ್ತದೆ, ಕೂದಲಿಗೂ ಕಲ್ಲಿಗೂ ನಡುವೆ. ಬಣ್ಣವನ್ನು ಪ್ರತಿ ಎರಡು ಇಂಚಿಗೆ ಹೊಸದಾಗಿ ಆರಿಸಬೇಕು. ಬಿಸಿಲ ಬದಿಯ ಬಿಳಿ ಬೆಚ್ಚಗಿನದು, ಬಾಲದ ಕೆಳಗಿನದು ನೀಲಿ ಬೂದು. ಎಲ್ಲ ಕಡೆ ಒಂದೇ ಬಿಳಿ ಬಳಿದರೆ ನಾಯಿಯ ಸುತ್ತ ಪ್ರಭಾವಳಿ ಬರುತ್ತದೆ.

ಕೊನೆಗೆ ಹೊಟ್ಟೆ. ಕರಿ ಮಣ್ಣು ಬೆಳಕನ್ನು ವಾಪಸ್ ಕೊಡುವುದು ತೀರಾ ಕಡಿಮೆ. ಹಾಗಾಗಿ ಹೊಲದ ಫೋಟೋದಲ್ಲಿ ಮೋತಿಯ ಹೊಟ್ಟೆ, ಗಲ್ಲದ ಕೆಳಭಾಗ ಕಪ್ಪಗಿದ್ದವು. ಬಿಸಿಲು ಬಿದ್ದ ಫರಸಿ ಕೆಳಗಿನಿಂದ ಬೆಳಕು ಎರಚುತ್ತದೆ. ಮಗುವಿನ ಜುಬ್ಬಾದ ನೆರಳಿನ ಬದಿಯಲ್ಲಿ, ಕೆಳ ಅಂಚಿನ ಹತ್ತಿರ ಅದು ಚೆನ್ನಾಗಿ ಕಾಣುತ್ತಿತ್ತು. ಬಿಳಿಗೆ ಬಿಳಿಯನ್ನೇ ಹೋಲಿಸಬಹುದಾದ್ದರಿಂದ ಕೆಲಸ ಸುಲಭವಾಯಿತು. ನಾಯಿಗೆ ಮಾತ್ರ ಅಂಟಿಸಿದ Curves ನಲ್ಲಿ ಹೊಟ್ಟೆಯ ಭಾಗವನ್ನು ಎತ್ತಿ, ಜುಬ್ಬಾದ ನೆರಳಿನಷ್ಟೇ ತಿಳಿ ಮಾಡಿದೆ. ಕಾಲುಗಳ ನಡುವೆ, ನೆಲ ಅವುಗಳದ್ದೇ ನೆರಳಲ್ಲಿರುವ ಕಡೆ, ಎತ್ತಲಿಲ್ಲ. ಕಾಲಿನ ಕೂದಲಿಗೆ ಹತ್ತಿದ ಮಣ್ಣಿನ ಕಲೆಯನ್ನು ತಿಳಿ ಮಾಡಿದೆ, ಪೂರ್ತಿ ತೆಗೆಯಲಿಲ್ಲ. ಅಂಗಳದಲ್ಲಿ ಓಡಾಡುವ ನಾಯಿಗೆ ಅಷ್ಟು ಇರುತ್ತದೆ.

12×18 ರಲ್ಲಿ ಇಂಚಿಗೆ ಸುಮಾರು 220 ಪಿಕ್ಸೆಲ್ ಬರುತ್ತದೆ, ನಾಯಿ ಎರಡೂವರೆ ಇಂಚು. ಪೂರ್ತಿ ಪ್ರಿಂಟ್‌ಗೆ ಮೊದಲು ನಾಯಿಯ ಭಾಗವನ್ನಷ್ಟೇ ಅದೇ ಅಳತೆಗೆ ಚಿಕ್ಕ ಕಾಗದದಲ್ಲಿ ತೆಗೆದು ಬಿಸಿಲಿಗೆ ಹಿಡಿದು ನೋಡಿದೆ. ಒತ್ತುಗೆರೆ ಸ್ಕ್ರೀನಿಗಿಂತ ಕಪ್ಪಾಗಿ ಬಂದಿತ್ತು, ಆ ಲೇಯರನ್ನು 85 ಪರ್ಸೆಂಟ್‌ಗೆ ಇಳಿಸಿ ಪ್ರಿಂಟ್‌ಗೆ ಕಳಿಸಿದೆ.

ಫ್ರೇಮ್ ಒಯ್ಯಲು ಬಂದಾಗ ಅಪ್ಪ, "ಇನ್ನೊಂದರಾಗ ಮೋತಿ ಬೆನ್ನ ಮ್ಯಾಲ ಮಗನ ಕೈ ಇಡಸಲಿಕ್ಕಿ ಆಗ್ತದೇನ್ರಿ?" ಅಂತ ಕೇಳಿದರು. ಈ ಎರಡು ಫೋಟೋಗಳಿಂದ ಅದು ಆಗಲ್ಲ ಅಂದೆ. ಕೈ ಇಟ್ಟ ಕಡೆ ಕೂದಲು ಒಳಗೆ ಒತ್ತಿ, ಬೆರಳುಗಳ ನಡುವಿನಿಂದ ಮೇಲೆ ಬರಬೇಕು. ಅದಕ್ಕೆ ಆ ನಾಯಿಯ ಬೆನ್ನಿನ ಮೇಲೆ ಯಾರದಾದರೂ ಕೈ ಇಟ್ಟ ಫೋಟೋ ಬೇಕು, ಅದೇ ಎತ್ತರದಿಂದ, ಅದೇ ಬಿಸಿಲಲ್ಲಿ. ಮುಂದಿನ ಸಲ ಊರಿಗೆ ಹೋದಾಗ ಮಗನನ್ನೇ ಮೋತಿಯ ಪಕ್ಕ ನಿಲ್ಲಿಸಿ ತೆಗೆದುಕೊಂಡು ಬರುತ್ತೇನೆ ಅಂದರು. ಅದೇ ಒಳ್ಳೆಯದು ಅಂದೆ.